ಅಳಿಗುಳಿ ಮಣೆ ಗೇಮ್‌ನಿಂದ ಹಣ: ಜಾಹೀರಾತೋ, ಒಂದೇ ಸಲದ ಬೆಲೆಯೋ, ಅಲಂಕಾರದ ಮಾರಾಟವೋ?

ಪ್ರಶ್ನೆ: ಆಂಡ್ರಾಯ್ಡ್‌ಗೆ ಅಳಿಗುಳಿ ಮಣೆ ಗೇಮ್ ಮಾಡಿದ್ದೀನಿ, ಕಂಪ್ಯೂಟರ್ ಜೊತೆ ಒಬ್ಬರೇ ಆಡೋದು. ಇನ್ನೂ ಪ್ಲೇ ಸ್ಟೋರ್‌ಗೆ ಹಾಕಿಲ್ಲ. ಖರ್ಚಾದ್ರೂ ಹುಟ್ಟಬೇಕು, ಆದ್ರೆ ಆಡೋರಿಗೆ ಮೋಸ ಆಗಬಾರದು. ಆ್ಯಡ್ ಹಾಕಲಾ, ಒಂದೇ ಸಲ ದುಡ್ಡು ತಗೊಳ್ಲಾ, ಇಲ್ಲ ಚಂದದ ಮಣೆ, ಕಾಯಿ ಮಾರಲಾ?

ಉತ್ತರ:

ಒಬ್ಬರೇ ಆಡುವ ಗೇಮ್ ಆದ್ದರಿಂದ ನನ್ನ ಸಲಹೆ ಹೀಗಿದೆ. ಇಳಿಸಿಕೊಳ್ಳುವುದು ಉಚಿತವಿರಲಿ, ಮೂಲ ಆಟ ಪೂರ್ತಿ ಉಚಿತವಿರಲಿ, ಒಳಗೆ ಒಂದೇ ಒಂದು ಖರೀದಿ ಇಡಿ. ಜಾಹೀರಾತು ಬೇಕೇ ಬೇಕು ಅನ್ನಿಸಿದರೆ ಆಡುವವರು ತಾವೇ ಒತ್ತಿ ನೋಡುವಂಥದ್ದು ಮಾತ್ರ ಹಾಕಿ. ಮಣೆ, ಕಾಯಿಗಳನ್ನು ಬಿಡಿಬಿಡಿಯಾಗಿ ಮಾರಬೇಡಿ, ಅದೇ ಒಂದು ಖರೀದಿಯೊಳಗೆ ಸೇರಿಸಿಬಿಡಿ.

ಪ್ಲೇ ಸ್ಟೋರ್‌ಗೆ ಹಾಕುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಒಮ್ಮೆ ಉಚಿತ ಎಂದು ಬಿಡುಗಡೆ ಮಾಡಿದ ಆ್ಯಪ್ ಅನ್ನು ಆಮೇಲೆ ಬೆಲೆಯ ಆ್ಯಪ್ ಆಗಿ ಬದಲಿಸಲು ಗೂಗಲ್ ಬಿಡುವುದಿಲ್ಲ. ಬೆಲೆಯದ್ದನ್ನು ಉಚಿತ ಮಾಡಬಹುದು, ಉಚಿತವನ್ನು ಬೆಲೆಗೆ ಏರಿಸಬೇಕೆಂದರೆ ಬೇರೆ ಪ್ಯಾಕೇಜ್ ಹೆಸರಿನಲ್ಲಿ ಹೊಸ ಆ್ಯಪ್ ಆಗಿಯೇ ಹಾಕಬೇಕು. ಆಗ ರೇಟಿಂಗ್, ರಿವ್ಯೂ ಎಲ್ಲ ಹೋಗುತ್ತವೆ. ಉಚಿತ ಆ್ಯಪ್‌ನ ಒಳಗೆ ಖರೀದಿ ಸೇರಿಸುವುದಕ್ಕೆ ಮಾತ್ರ ಯಾವಾಗಲೂ ಅಡ್ಡಿಯಿಲ್ಲ. ಒಳಗಿನ ಖರೀದಿಯ ಒಂದು ಕೊರತೆ ಗೊತ್ತಿರಲಿ: ಬೆಲೆ ಕೊಟ್ಟು ಇಳಿಸಿಕೊಂಡ ಆ್ಯಪ್ ಅನ್ನು ಗೂಗಲ್‌ನ ಫ್ಯಾಮಿಲಿ ಲೈಬ್ರರಿ ಮೂಲಕ ಮನೆಯವರು ಹಂಚಿಕೊಳ್ಳಬಹುದು, ಒಳಗಿನ ಖರೀದಿಯನ್ನು ಹಾಗೆ ಹಂಚಿಕೊಳ್ಳಲಾಗುವುದಿಲ್ಲ. ಮನೆಮಂದಿಯೆಲ್ಲ ಆಡುವ ಆಟಕ್ಕೆ ಬೆಲೆ ಕಡಿಮೆ ಇಡಲು ಇದೂ ಒಂದು ಕಾರಣ.

ಈಗ ಲೆಕ್ಕ. ಬೆಲೆ ₹99 ಅಂದುಕೊಳ್ಳಿ. ಅದರೊಳಗೆ 18% ಜಿಎಸ್‌ಟಿ ಸೇರಿದೆ, ತೆಗೆದರೆ ಸುಮಾರು ₹83.90. ಅದರಲ್ಲಿ ಗೂಗಲ್ ಪಾಲು 15% ಎಂದು ಹಿಡಿಯಿರಿ. ಈ ಕಡಿಮೆ ದರಕ್ಕೆ ಪ್ಲೇ ಕನ್ಸೋಲ್‌ನಲ್ಲಿ ನೀವೇ ನೋಂದಾಯಿಸಿಕೊಳ್ಳಬೇಕು, ತಾನಾಗಿ ಸಿಗುತ್ತದೆ ಎಂದುಕೊಂಡು ಕೂರಬೇಡಿ. ಕೊನೆಗೆ ಉಳಿಯುವುದು ಸುಮಾರು ₹71.

ಜಾಹೀರಾತಿನ ಲೆಕ್ಕಕ್ಕೆ ಒಂದು ಊಹೆ ಇಟ್ಟುಕೊಳ್ಳೋಣ. ಸಾವಿರ ಸಲ ತೋರಿಸಿದರೆ ₹30 ಸಿಗುತ್ತದೆ, ಒಬ್ಬರು ತಿಂಗಳಿಗೆ 30 ಸಲ ನೋಡುತ್ತಾರೆ. ಹಾಗಾದರೆ ಒಬ್ಬರಿಂದ ತಿಂಗಳಿಗೆ 90 ಪೈಸೆ. ಅಂದರೆ ಒಂದು ಖರೀದಿ 79 ಜನರ ಒಂದು ತಿಂಗಳ ಜಾಹೀರಾತಿಗೆ ಸಮ. ಜನ ಸರಾಸರಿ ಎರಡು ತಿಂಗಳು ಆಡಿದರೆ ಸುಮಾರು 40 ಜನರಿಗೆ ಸಮ. ನಿಮ್ಮ ಅಂಕಿ ಬೇರೆಯೇ ಬರಬಹುದು, ಆಡುವವರು ಯಾವ ದೇಶದಲ್ಲಿದ್ದಾರೆ ಎನ್ನುವುದರ ಮೇಲೆ ಜಾಹೀರಾತಿನ ದರ ತುಂಬಾ ಏರಿಳಿಯುತ್ತದೆ. ಲೆಕ್ಕದ ದಾರಿ ಮಾತ್ರ ಇದೇ: ಹೊಸದಾಗಿ ಬಂದ ನೂರು ಜನರಲ್ಲಿ ಎಷ್ಟು ಜನ ಕೊಂಡರೆ ಜಾಹೀರಾತಿಗೆ ಸಮವಾಗುತ್ತದೆ ಎಂದು ನೋಡಿ. ಮೇಲಿನ ಊಹೆಯಲ್ಲಿ ನೂರಕ್ಕೆ ಎರಡು ಮೂರು ಜನ ಸಾಕು. ಗೂಗಲ್‌ನ ಜಾಹೀರಾತು ಸೇವೆಯಾದ ಆಡ್‌ಮಾಬ್‌ನಲ್ಲಿ 100 ಡಾಲರ್ ತುಂಬುವವರೆಗೆ ಹಣ ಕೈಗೆ ಬರುವುದಿಲ್ಲ ಎನ್ನುವುದೂ ಲೆಕ್ಕದಲ್ಲಿರಲಿ. ಸಣ್ಣ ಗೇಮ್ ಅಲ್ಲಿಗೆ ಮುಟ್ಟಲು ಬಹಳ ತಿಂಗಳು ಹಿಡಿಯಬಹುದು.

ಆಡುವವರಿಗೆ ಮೋಸವಾಗಬಾರದು ಎನ್ನುವ ನಿಮ್ಮ ಮಾತಿಗೆ ಬರೋಣ. ಯಾವ ದಾರಿ ಹಿಡಿದರೂ ನಾಳೆ ಗೇಮ್ ಅನ್ನು ತಿದ್ದುವಾಗ ಅದು ನಿಮ್ಮ ಕೈಯನ್ನು ಒಂದು ಕಡೆಗೆ ಎಳೆಯುತ್ತದೆ. ಆ ಎಳೆತ ಯಾವ ಕಡೆಗೆ ಎಂದು ಮೊದಲೇ ನೋಡಿಕೊಳ್ಳಬೇಕು.

ಬ್ಯಾನರ್ ಜಾಹೀರಾತನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಅಳಿಗುಳಿ ಮಣೆಯಲ್ಲಿ ಆಡುವವರ ಏಳು ಗುಳಿ ಪರದೆಯ ಕೆಳಗಿನ ಸಾಲಿನಲ್ಲಿರುತ್ತವೆ, ಬ್ಯಾನರ್ ಸಾಮಾನ್ಯವಾಗಿ ಅದಕ್ಕೆ ಅಂಟಿಕೊಂಡೇ ಕೂರುತ್ತದೆ. ಸಣ್ಣ ಫೋನಿನಲ್ಲಿ ಹೆಬ್ಬೆರಳಿನಿಂದ ಗುಳಿ ಒತ್ತುವಾಗ ಅರ್ಧ ಸಲ ಬ್ಯಾನರ್ ತಾಗುತ್ತದೆ. ಆಡುವವರಿಗೆ ಕಿರಿಕಿರಿ, ಜಾಹೀರಾತುದಾರರ ಹಣ ದಂಡ. ಗೂಗಲ್ ಇದನ್ನು ಆಕಸ್ಮಿಕ ಕ್ಲಿಕ್ ಎಂದು ಗುರುತಿಸಿ ಗಳಿಕೆ ಕಡಿತ ಮಾಡುತ್ತದೆ, ಅತಿಯಾದರೆ ಖಾತೆಯನ್ನೇ ನಿಲ್ಲಿಸುತ್ತದೆ. ಕ್ಲಿಕ್ ಪ್ರಮಾಣ ಏಕಾಏಕಿ ಜಾಸ್ತಿ ಕಂಡರೆ ಖುಷಿಪಡಬೇಡಿ, ಗುಳಿಗೂ ಬ್ಯಾನರ್‌ಗೂ ನಡುವಿನ ಜಾಗ ನೋಡಿ. ಈ ಆಟಕ್ಕೆ ಬ್ಯಾನರ್ ಬೇಡವೇ ಬೇಡ ಎನ್ನುವುದು ನನ್ನ ಅಭಿಪ್ರಾಯ.

ಪೂರ್ತಿ ಪರದೆ ತುಂಬುವ ಇಂಟರ್‌ಸ್ಟಿಶಿಯಲ್ ಬಗ್ಗೆ ಪ್ಲೇ ಸ್ಟೋರ್‌ನ ನಿಯಮವೇ ಇದೆ. ಆಡುವವರು ಬೇರೇನೋ ಮಾಡಲು ಹೊರಟಾಗ, ಉದಾಹರಣೆಗೆ ಹೊಸ ಆಟ ಶುರುವಾಗುವ ಹೊತ್ತಿಗೆ, ಅದು ಧುತ್ತನೆ ಬರಬಾರದು. 15 ಸೆಕೆಂಡಿನ ನಂತರವೂ ಮುಚ್ಚಲು ಬಾರದಂಥದ್ದು ಇರಬಾರದು. ಆಟ ಮುಗಿದು ಅಂಕದ ಪರದೆ ತೋರಿಸಿದ ಮೇಲೆ ಹಾಕಲು ಅವಕಾಶವಿದೆ. ಆದರೂ ಹಾಕಬೇಡಿ ಎನ್ನುತ್ತೇನೆ. ಇಂಟರ್‌ಸ್ಟಿಶಿಯಲ್ ಹಾಕಿ ‘ಆ್ಯಡ್ ತೆಗೆಯಲು ₹99’ ಎಂದರೆ, ನೀವೇ ಕೊಟ್ಟ ಕಾಟದಿಂದ ಬಿಡುಗಡೆಯನ್ನು ನೀವೇ ಮಾರಿದಂತೆ. ಮಾರಾಟ ಕುಗ್ಗಿದಾಗ ಜಾಹೀರಾತು ಇನ್ನಷ್ಟು ಹೆಚ್ಚಿಸೋಣ ಅನ್ನಿಸುತ್ತದೆ. ಎಳೆತ ಎಂದದ್ದು ಇದನ್ನೇ.

ತಾವಾಗಿ ನೋಡುವ ರಿವಾರ್ಡೆಡ್ ಜಾಹೀರಾತು ಇವುಗಳಿಗಿಂತ ವಾಸಿ, ಆದರೆ ಬಹುಮಾನವಾಗಿ ಏನು ಕೊಡುತ್ತೀರಿ ಎನ್ನುವುದರಲ್ಲಿ ಎಲ್ಲ ಅಡಗಿದೆ. ‘ತಪ್ಪಾಗಿ ಒತ್ತಿದ ನಡೆಯನ್ನು ಹಿಂಪಡೆಯಿರಿ’ ಎಂಬುದನ್ನು ಜಾಹೀರಾತಿಗೆ ಕಟ್ಟಬೇಡಿ. ಬೆರಳು ಪಕ್ಕದ ಗುಳಿಗೆ ತಾಗಿದ್ದು ನಿಮ್ಮ ಪರದೆಯ ದೋಷ, ಅದನ್ನು ಸರಿಪಡಿಸುವುದು ಉಚಿತವೇ ಆಗಬೇಕು. ‘ಯಾವ ಗುಳಿಯಿಂದ ಆಡಿದರೆ ಒಳ್ಳೆಯದು’ ಎಂಬ ಸುಳಿವು ಕೊಡಬಹುದು. ದಿನಕ್ಕೆ ಮೂರು ಸುಳಿವು ಉಚಿತ, ಅದರ ಮೇಲೆ ಬೇಕಾದರೆ ಜಾಹೀರಾತು ನೋಡಿ ಎರಡು, ಆಮೇಲೆ ಗುಂಡಿಯೇ ಕಾಣದಿರಲಿ. ಸುಳಿವಿಗೆ ಬೇಡಿಕೆ ಬರಲಿ ಎಂದು ಕಂಪ್ಯೂಟರ್ ಎದುರಾಳಿಯನ್ನು ಬಿಗಿ ಮಾಡುವ ಆಸೆ ಮೂಡುತ್ತದೆ. ಅದಕ್ಕೊಂದು ಕಾವಲು ಬೇಕು: ಪ್ರತಿ ಹಂತದಲ್ಲಿ ಆಡುವವರು ಎಷ್ಟು ಪಾಲು ಗೆಲ್ಲುತ್ತಾರೆ ಎನ್ನುವುದನ್ನು ಜಾಹೀರಾತು ಸೇರಿಸುವ ಮೊದಲೇ ಬರೆದಿಟ್ಟುಕೊಳ್ಳಿ. ಮುಂದಿನ ಆವೃತ್ತಿಗಳಲ್ಲಿ ಆ ಪ್ರಮಾಣ ಇಳಿಯುತ್ತಾ ಹೋಗಿ, ಸುಳಿವಿನ ಬಳಕೆ ಏರುತ್ತಾ ಹೋದರೆ ದಾರಿ ತಪ್ಪಿದೆ ಎಂದರ್ಥ.

ಇನ್ನೊಂದು ಸಣ್ಣ ವಿಷಯ, ಬಹಳ ಗೇಮ್‌ಗಳಲ್ಲಿ ಕೆಟ್ಟಿರುತ್ತದೆ. ಜಾಹೀರಾತು ಲೋಡ್ ಆಗುವ ಮೊದಲೇ ಗುಂಡಿ ತೋರಿಸಿದರೆ ಒತ್ತಿದವರಿಗೆ ಏನೂ ಸಿಗುವುದಿಲ್ಲ. ಲೋಡ್ ಆದ ಮೇಲಷ್ಟೇ ಗುಂಡಿ ತೋರಿಸಿ. ಒತ್ತಿದ ಮೇಲೆ ತೋರಿಸುವುದರಲ್ಲಿ ಎಡವಟ್ಟಾದರೆ ಸುಳಿವನ್ನು ಕೊಟ್ಟುಬಿಡಿ, ಒಂದು ಸುಳಿವಿನಿಂದ ನಿಮಗೇನೂ ನಷ್ಟವಿಲ್ಲ.

ಅಜ್ಜಿಯ ಜೊತೆ ಮೊಮ್ಮಕ್ಕಳೂ ಕೂತು ಆಡುವ ಆಟವಿದು, ಮಕ್ಕಳ ಕೈಗೆ ಹೋಗಿಯೇ ಹೋಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳು. ಅವರ ಚಟುವಟಿಕೆಯ ಜಾಡು ಹಿಡಿಯುವುದನ್ನೂ ಅವರನ್ನು ಗುರಿಮಾಡಿದ ಜಾಹೀರಾತನ್ನೂ ಅದರ 9ನೇ ಕಲಂ ನಿಷೇಧಿಸುತ್ತದೆ. ಆದ್ದರಿಂದ ಜಾಹೀರಾತು ಹಾಕುವುದಾದರೆ ಮೊದಲ ಜಾಹೀರಾತು ಲೋಡ್ ಆಗುವುದಕ್ಕೆ ಮುಂಚೆ, ಮಕ್ಕಳಿಗೆ ತಕ್ಕ ಜಾಹೀರಾತನ್ನು ಮಾತ್ರ ಕೇಳುವ ಈ ಸಾಲುಗಳನ್ನು ಸೇರಿಸಿ:

```kotlin
val config = MobileAds.getRequestConfiguration().toBuilder()
    .setTagForChildDirectedTreatment(
        RequestConfiguration.TAG_FOR_CHILD_DIRECTED_TREATMENT_TRUE)
    .setMaxAdContentRating(
        RequestConfiguration.MAX_AD_CONTENT_RATING_G)
    .build()
MobileAds.setRequestConfiguration(config)
```

ಇದರಿಂದ ದರ ಕುಸಿಯುತ್ತದೆ. ಮೇಲಿನ ಲೆಕ್ಕದಲ್ಲಿ ಆ ಕುಸಿದ ದರವನ್ನೇ ಇಟ್ಟು ನೋಡಿ. ಜಾಹೀರಾತು ಅಷ್ಟು ಲಾಭದ್ದಲ್ಲ ಎಂದು ಗೊತ್ತಾಗುವುದು ಆಗಲೇ.

ಅಲಂಕಾರದ ಮಾರಾಟ ಹೆಸರಿಗೆ ಎಲ್ಲಕ್ಕಿಂತ ಸಾಧು, ಗೆಲುವಿಗೂ ಅದಕ್ಕೂ ಸಂಬಂಧವಿಲ್ಲ ಎನ್ನುತ್ತಾರೆ. ನಿಮ್ಮ ಗೇಮ್‌ನಲ್ಲಿ ಎರಡು ತೊಡಕಿವೆ. ಬೇರೆಯವರು ನೋಡಲಿ ಎಂದೇ ಜನ ಬಹುಪಾಲು ಅಲಂಕಾರ ಕೊಳ್ಳುತ್ತಾರೆ, ನಿಮ್ಮಲ್ಲಿ ನೋಡುವ ಎದುರಾಳಿಯೇ ಇಲ್ಲ. ಎರಡನೆಯದು ಇನ್ನೂ ಮುಖ್ಯ. ಈ ಆಟದಲ್ಲಿ ಗುಳಿಯಲ್ಲಿ ಎಷ್ಟು ಕಾಯಿ ಇವೆ ಎಂದು ಕಣ್ಣಳತೆಯಲ್ಲೇ ಎಣಿಸುವುದು ಆಟದ ಅರ್ಧ ಚತುರತೆ. ಕಪ್ಪು ಮಣೆಯ ಮೇಲೆ ಹುಣಸೆ ಬೀಜ ಮಸುಕಾಗಿ, ಹಣ ಕೊಟ್ಟ ಮಣೆಯ ಮೇಲೆ ಕವಡೆ ಬೆಳ್ಳಗೆ ಹೊಳೆದು ಕಂಡರೆ, ಅಲಂಕಾರ ಎಂದು ಮಾರಿದ್ದು ಅನುಕೂಲವೇ ಆಯಿತು. ಉಚಿತ ಮಣೆಯೇ ಎಲ್ಲಕ್ಕಿಂತ ಸ್ಪಷ್ಟವಾಗಿರಬೇಕು. ಕಾಯಿಯ ಸಂಖ್ಯೆ ತೋರಿಸುವ ಆಯ್ಕೆ, ದೊಡ್ಡ ಅಕ್ಷರ, ಬಣ್ಣಗುರುಡು ಇರುವವರಿಗೆ ಬೇರೆ ಬಣ್ಣ, ಇವು ಯಾವುವೂ ಮಾರುವ ಸರಕಲ್ಲ.

ಅಲಂಕಾರ ಮಾರಿದ ಮಾತ್ರಕ್ಕೆ ವ್ಯವಹಾರ ಶುದ್ಧವಾಗುವುದಿಲ್ಲ ಎನ್ನುವುದಕ್ಕೆ ಫೋರ್ಟ್‌ನೈಟ್ ಸಾಕ್ಷಿ. ಅದರಲ್ಲಿ ಮಾರಾಟಕ್ಕಿದ್ದದ್ದು ಮುಖ್ಯವಾಗಿ ವೇಷಭೂಷಣ. ಆದರೆ ಬರೀ ನೋಡಲು ಹೋಗಿ ಪಕ್ಕದ ಗುಂಡಿ ಒತ್ತಿದರೂ ಖರೀದಿ ಆಗಿಬಿಡುತ್ತಿತ್ತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿತು. 2022ರ ಡಿಸೆಂಬರ್‌ನಲ್ಲಿ ಎಪಿಕ್ ಗೇಮ್ಸ್ ಗ್ರಾಹಕರಿಗೆ ಹಿಂದಿರುಗಿಸಲೆಂದು 24.5 ಕೋಟಿ ಡಾಲರ್ ಕೊಡಲು ಒಪ್ಪಿತು. ನಮ್ಮಲ್ಲೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿ ಇದೆ. ‘ಇವತ್ತು ಮಾತ್ರ’ ಎಂಬ ಸುಳ್ಳು ಅವಸರ, ಬೇಡ ಎಂದವರನ್ನು ನಾಚಿಸುವ ಮಾತು, ಮತ್ತೆ ಮತ್ತೆ ಕಾಡುವ ಪಾಪ್‌ಅಪ್, ಎಲ್ಲವೂ ಆ ಪಟ್ಟಿಯಲ್ಲಿವೆ. ನಾಣ್ಯ, ರತ್ನ ಎಂದು ಒಳಗಿನ ಹಣ ಸೃಷ್ಟಿಸಬೇಡಿ. ಬೆಲೆ ರೂಪಾಯಿಯಲ್ಲೇ ಕಾಣಲಿ.

ಹಾಗಾಗಿ ಆ ಒಂದು ಖರೀದಿಯಲ್ಲಿ ಏನಿರಬೇಕು? ಎರಡು ಹಂತದ ಎದುರಾಳಿ, ಎಲ್ಲ ನಿಯಮ, ಹಿಂಪಡೆಯುವ ಸೌಲಭ್ಯ ಉಚಿತದಲ್ಲಿರಲಿ. ಖರೀದಿಯಲ್ಲಿ ಕಠಿಣ ಹಂತಗಳು, ಮುಗಿದ ಆಟವನ್ನು ನಡೆನಡೆಯಾಗಿ ಮತ್ತೆ ನೋಡುವುದು, ಮಿತಿಯಿಲ್ಲದ ಸುಳಿವು, ಎಲ್ಲ ಮಣೆ, ಎಲ್ಲ ಕಾಯಿ ಇರಲಿ. ಯಾವುದು ಉಚಿತ, ಯಾವುದಕ್ಕೆ ಬೆಲೆ ಎನ್ನುವುದನ್ನು ಪ್ಲೇ ಸ್ಟೋರ್ ವಿವರಣೆಯ ಮೊದಲ ಸಾಲುಗಳಲ್ಲೇ ಬರೆಯಿರಿ. 2016ರಲ್ಲಿ ಸೂಪರ್ ಮಾರಿಯೋ ರನ್ ಹೀಗೇ ಉಚಿತವಾಗಿ ಇಳಿದು, ಕೆಲವು ಹಂತ ಆಡಿದ ಮೇಲೆ 9.99 ಡಾಲರ್ ಕೇಳಿತು. ಮಾದರಿ ಪ್ರಾಮಾಣಿಕವಾಗಿಯೇ ಇತ್ತು, ಆದರೆ ಪೂರ್ತಿ ಉಚಿತ ಎಂದುಕೊಂಡು ಬಂದ ಎಷ್ಟೋ ಜನ ಸಿಟ್ಟಿನಿಂದ ಒಂದು ಸ್ಟಾರ್ ಕೊಟ್ಟರು.

ಕೋಡ್‌ನಲ್ಲಿ ಎಡವುವ ಜಾಗಗಳು ಕೆಲವೇ. ಗೇಮ್ ಒಳಗಿನ ಆ ಖರೀದಿಯನ್ನು ಒಮ್ಮೆ ಕೊಂಡರೆ ಸದಾ ಉಳಿಯುವ ಸರಕಾಗಿ ಇಡಬೇಕು: `acknowledgePurchase` ಕರೆಯಿರಿ, `consumeAsync` ಕರೆಯಬೇಡಿ. ಕರೆದರೆ ಖರೀದಿ ಬಳಸಿ ಮುಗಿದಂತಾಗಿ, ಹೊಸ ಫೋನಿಗೆ ಹೋದವರು ಮತ್ತೆ ಹಣ ಕೊಡಬೇಕಾಗುತ್ತದೆ. ಮೂರು ದಿನದೊಳಗೆ ಅಕ್ನಾಲೆಜ್ ಮಾಡದಿದ್ದರೆ ಗೂಗಲ್ ತಾನಾಗಿ ಹಣ ವಾಪಸ್ ಮಾಡಿ ಖರೀದಿ ರದ್ದು ಮಾಡುತ್ತದೆ. ‘ಕೊಂಡಿದ್ದೆ, ಮಾಯವಾಯಿತು’ ಎಂದು ರಿವ್ಯೂ ಬಂದರೆ ಮೊದಲು ಈ ಎರಡನ್ನು ನೋಡಿ. ಪಾವತಿ ತಕ್ಷಣ ಪೂರ್ತಿಯಾಗದೆ `PENDING` ಸ್ಥಿತಿಯಲ್ಲಿ ನಿಲ್ಲಬಹುದು. `PURCHASED` ಆದ ಮೇಲಷ್ಟೇ ಬೀಗ ತೆಗೆಯಿರಿ, ಅಲ್ಲಿಯವರೆಗೆ ‘ಪಾವತಿ ಇನ್ನೂ ಪೂರ್ತಿಯಾಗಿಲ್ಲ’ ಎಂದು ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಗಾಬರಿಯಾಗಿ ಇನ್ನೊಮ್ಮೆ ಪಾವತಿಸಲು ಹೋಗುತ್ತಾರೆ. ಪ್ರತಿ ಸಲ ಆ್ಯಪ್ ತೆರೆದಾಗ, ಮತ್ತೆ ಮುಂದಕ್ಕೆ ಬಂದಾಗ `queryPurchasesAsync` ಕರೆದರೆ ಹಳೆಯ ಖರೀದಿ ತಾನಾಗಿ ಮರಳುತ್ತದೆ.

ಮುಂದೆ ಹೊಸದೇನಾದರೂ ಮಾಡಿದಾಗ ಅದನ್ನು ಖರೀದಿಯೊಳಗೆ ಹಾಕಬಹುದು, ಕೊಂಡವರಿಗೆ ಹೆಚ್ಚು ಕೇಳದೆ ಕೊಡಬಹುದು. ಮೊದಲು ಉಚಿತವಾಗಿದ್ದ ಹಂತವನ್ನೋ ಮಣೆಯನ್ನೋ ಆಮೇಲೆ ಬೀಗದೊಳಗೆ ತಳ್ಳಬೇಡಿ. ಆದ್ದರಿಂದ ಮೊದಲ ಬಿಡುಗಡೆಯಲ್ಲಿ ಉಚಿತ ಭಾಗದ ಗೆರೆಯನ್ನು ಎಲ್ಲಿ ಎಳೆಯುತ್ತೀರಿ ಎನ್ನುವುದನ್ನು ಬೆಲೆಗಿಂತ ಹೆಚ್ಚು ಯೋಚಿಸಿ. ಬೆಲೆಯನ್ನು ಯಾವಾಗ ಬೇಕಾದರೂ ಬದಲಿಸಬಹುದು.