ಬಿಗಿ ಹಿಡಿದಷ್ಟೂ ಸೋರುತ್ತಿತ್ತು: ಐದನೇ ತಿಂಗಳ ಒಂದು ಪ್ರಕರಣ

ಹುಬ್ಬಳ್ಳಿ ಕಡೆಯವರು, ಮದುವೆಯಾಗಿ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದು ಆರು ವರ್ಷ. ಮೂವತ್ತೊಂದು ವಯಸ್ಸು, ಮೊದಲ ಬಸಿರು, 20 ವಾರ. ಹೆಸರು ಬೇಡ, ಗುರುತು ಸಿಗುವ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ನಾನು ಗರ್ಭಿಣಿಯರ ಜೊತೆ ಕೆಲಸ ಮಾಡುವ ಫಿಸಿಯೋಥೆರಪಿಸ್ಟ್. ಇಲ್ಲಿ ನಮ್ಮ ಭಾಷೆಯಲ್ಲಿ ಮಾತಾಡೋರು ಸಿಕ್ಕರೆ ಹೆಣ್ಣುಮಕ್ಕಳು ಮುಜುಗರದ ವಿಷಯವನ್ನೂ ಬೇಗ ಹೇಳಿಬಿಡುತ್ತಾರೆ. ಈಕೆ ಕೂತ ಎರಡೇ ನಿಮಿಷಕ್ಕೆ ಹೇಳಿದರು.

"ಮೇಡಂ, ಸೀನಿದ್ರ ಮೂತ್ರದ ಹನಿ ಬೀಳತೈತ್ರಿ. ಲೋಕಲ್‌ನ್ಯಾಗ ನಿಂತಾಗ ಕೆಮ್ಮು ಬಂದ್ರ ಅಂಜಿಕಿ ಆಗತೈತಿ. ಕೆಗೆಲ್ ಒಂದ್ ತಿಂಗಳಾತ್ರಿ, ದಿನಾ ಮಾಡಾಕತ್ತೀನಿ. ಕಡಿಮಿ ಆಗೂದ್ ಬಿಟ್ಟು ಜಾಸ್ತಿನ ಆಗಾಕತ್ತೈತಿ."

ಕೆಗೆಲ್ ಅಂದರೆ ಮೂತ್ರ ತಡೆಯುವ ತಳದ ಸ್ನಾಯುವನ್ನು ಬಿಗಿ ಮಾಡಿ ಬಿಡುವ ವ್ಯಾಯಾಮ. ಅದರ ಮಾತಿಗೆ ಮುಂಚೆ ನಾನು ಮೂರು ವಿಷಯ ಕೇಳಿದೆ. ಉರಿಮೂತ್ರ ಇದೆಯಾ? ಇಲ್ಲ, ಮೂತ್ರಪರೀಕ್ಷೆಯೂ ಸರಿಯಿದೆ. ಸೋರುವುದು ಕೆಮ್ಮು, ಸೀನಿದ್ದಾಗ ಮಾತ್ರವಾ, ಅಥವಾ ಸುಮ್ನೆ ಕೂತಾಗಲೂ ನೀರಿನ ಹಾಗೆ ಇಳಿಯುತ್ತಾ? ಸುಮ್ನೆ ಕೂತಾಗ ಇಳಿದರೆ ಅದು ಗರ್ಭದ ನೀರೂ ಆಗಿರಬಹುದು. ಆಗ ನನ್ನ ಹತ್ತಿರ ಅಲ್ಲ, ಸೀದಾ ಆಸ್ಪತ್ರೆಗೆ ಹೋಗಬೇಕು. ಇವರಿಗೆ ಕೆಮ್ಮಿದಾಗ, ಸೀನಿದಾಗ ಮಾತ್ರ. ಮೂರನೆಯದು, ಐದನೇ ತಿಂಗಳಲ್ಲಿ ಕೂಸಿನ ಅಂಗಾಂಗ ನೋಡುವ ಅನಾಮಲಿ ಸ್ಕ್ಯಾನ್ ವರದಿ. ಮಾಸು ಮೇಲಿದೆ, ಗರ್ಭಕಂಠದ ಉದ್ದ ಸರಿಯಿದೆ, ರಕ್ತದೊತ್ತಡ ಸರಿಯಿದೆ, ಅವರ ಡಾಕ್ಟರ್ ವ್ಯಾಯಾಮಕ್ಕೆ ಒಪ್ಪಿದ್ದಾರೆ. ಇದಿಷ್ಟು ಗೊತ್ತಾಗದೆ ನಾನು ಯಾರಿಗೂ ಚಾಪೆ ಹಾಸುವುದಿಲ್ಲ. ಗರ್ಭಕಂಠಕ್ಕೆ ಹೊಲಿಗೆ ಬಿದ್ದಿರುವವರಿಗೆ, ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಇರುವವರಿಗೆ, ರಕ್ತಸ್ರಾವ ಆದವರಿಗೆ ಮುಂದೆ ಬರೆದಿರುವುದು ಅಲ್ಲ. ಅವರು ತಮ್ಮ ಡಾಕ್ಟರನ್ನೇ ಕೇಳಬೇಕು.

ಆಮೇಲೆ ಕೇಳಿದೆ, ಹೇಗೆ ಮಾಡ್ತೀರಿ ತೋರಿಸಿ.

ಮರದ ಕುರ್ಚಿಯ ಮೇಲೆ ಕೈಟವೆಲ್ ಒಂದನ್ನು ಬಿಗಿಯಾಗಿ ಸುರುಳಿ ಸುತ್ತಿ, ಮುಂದಿನಿಂದ ಹಿಂದಕ್ಕೆ ಉದ್ದುದ್ದ ಇಟ್ಟು, ಅದರ ಮೇಲೆ ಕೂರಿಸಿದೆ. ತಳದ ಸ್ನಾಯು ಅಂದರೆ ಮುಂದಿನ ಮೂಳೆಯಿಂದ ಹಿಂದೆ ಬಾಲದ ಮೂಳೆಯವರೆಗೆ ಕಟ್ಟಿದ ಜೋಳಿಗೆ ಇದ್ದ ಹಾಗೆ. ಮೂತ್ರಚೀಲ, ಗರ್ಭಕೋಶ, ಗುದ ಮೂರರ ಭಾರವೂ ಅದರ ಮೇಲೆ. ಟವೆಲ್ ಮೇಲೆ ಕೂತರೆ ಆ ಜಾಗ ಎಲ್ಲಿದೆ ಅಂತ ಮೈಗೆ ಗೊತ್ತಾಗುತ್ತದೆ. "ಬಿಗಿ ಮಾಡಿ" ಅಂದೆ. ತುಟಿ ಗಟ್ಟಿ ಮುಚ್ಚಿದರು, ಕುತ್ತಿಗೆಯ ನರ ಎದ್ದಿತು, ಹೊಟ್ಟೆ ಮುಂದಕ್ಕೆ ಉಬ್ಬಿತು, ಕುಂಡಿ ಬಿಗಿಯಾಗಿ ಇಡೀ ಮೈ ಕುರ್ಚಿಯಿಂದ ಒಂದು ಬೆರಳು ಮೇಲೆದ್ದಿತು. ಕೆಳಗೆ ಏನಾಯ್ತು ಅಂತ ಕೇಳಿದರೆ, "ಟವೆಲ್ ಒತ್ತಿದಂಗಾತ್ರಿ" ಅಂದರು.

ಉತ್ತರ ಅಲ್ಲೇ ಸಿಕ್ಕಿತು. ಇವರು ಒಂದು ತಿಂಗಳಿಂದ ಜೋಳಿಗೆಯನ್ನು ಮೇಲೆತ್ತುತ್ತಿರಲಿಲ್ಲ, ಉಸಿರು ಕಟ್ಟಿ ಕೆಳಕ್ಕೆ ತಳ್ಳುತ್ತಿದ್ದರು. ಸರಿಯಾಗಿ ಮಾಡಿದರೆ ಆ ಜಾಗ ಟವೆಲ್‌ನಿಂದ ಒಂದು ಎಳೆಯಷ್ಟು ಒಳಕ್ಕೆ, ಮೇಲಕ್ಕೆ ಸರಿಯಬೇಕು. ತಪ್ಪಾದರೆ ಟವೆಲ್ ಮೇಲೆ ಒತ್ತಡ ಬೀಳುತ್ತದೆ. ಇದನ್ನು ಎಷ್ಟು ಹೊತ್ತು ಮಾಡಿದರೂ ಸೋರುವುದು ನಿಲ್ಲುವುದಿಲ್ಲ, ಇವರಿಗೆ ಆದ ಹಾಗೆ ಜಾಸ್ತಿಯೂ ಆಗಬಹುದು.

ತಿದ್ದಿದ್ದು ಹೀಗೆ. ಮೂಗಿನಿಂದ ಉಸಿರು ಎಳೆದುಕೊಳ್ಳುವಾಗ ಏನೂ ಮಾಡಬೇಡಿ, ಕೆಳಗೆ ಸಡಿಲ ಬಿಡಿ. ಬಿಸಿ ಚಹಾ ಆರಿಸುವ ಹಾಗೆ ಬಾಯಿಂದ ಊದುತ್ತಾ, ಗಾಳಿ ಬಿಡದ ಹಾಗೆ ಹಿಂದಿನ ಬಾಯಿ ಮುಚ್ಚಿ, ಅದೇ ಬಿಗಿಯನ್ನು ಮುಂದಕ್ಕೆ ತಂದು ಮೇಲೆತ್ತಿ. ತೊಡೆ, ಕುಂಡಿ ಮೆತ್ತಗೇ ಇರಲಿ. ಮೊದಲ ವಾರ ನಾಲ್ಕು ಸೆಕೆಂಡ್ ಹಿಡಿದರೆ ಸಾಕು, ಆಮೇಲೆ ಅಷ್ಟೇ ಹೊತ್ತು ಪೂರ್ತಿ ಬಿಡಬೇಕು. ಹಿಡಿದಿರುವಾಗಲೂ ಉಸಿರು ನಡೀತಾ ಇರಲಿ, ಗಟ್ಟಿಯಾಗಿ ಎಣಿಸಿದರೆ ಕಟ್ಟುವುದಕ್ಕೆ ಆಗುವುದಿಲ್ಲ. ಹೀಗೆ ಎಂಟು ಸಲ, ಆಮೇಲೆ ಎಂಟು ಸಲ ಫಟ್ ಅಂತ ಬಿಗಿ ಮಾಡಿ ಬಿಡುವುದು. ದಿನಕ್ಕೆ ಮೂರು ಬಾರಿ. ನಿಧಾನವಾಗಿ ಹತ್ತು ಸೆಕೆಂಡ್‌ಗೆ ಹೋಗಬಹುದು. ಮೂತ್ರ ಮಾಡುವಾಗ ಮಧ್ಯೆ ನಿಲ್ಲಿಸಿ ಅಭ್ಯಾಸ ಮಾಡುವವರಿದ್ದಾರೆ, ಅದು ಬೇಡ. ಚೀಲ ಪೂರ್ತಿ ಖಾಲಿಯಾಗದೆ ಬೇರೆ ತೊಂದರೆ ಶುರುವಾಗಬಹುದು. ಬಿಡುವುದಕ್ಕೇ ಆಗದೆ ಸದಾ ಬಿಗಿಯಾಗಿದ್ದು ನೋಯುವವರಿಗೆ ಈ ಎಣಿಕೆಯೇ ಬೇರೆ, ಅವರಿಗೆ ಮೊದಲು ಸಡಿಲ ಬಿಡುವುದನ್ನೇ ಕಲಿಸಬೇಕು.

ಸೀನಿಗೊಂದು ಉಪಾಯ ಹೇಳಿಕೊಟ್ಟೆ. ಮೂಗು ಚುರ್ ಅಂದ ತಕ್ಷಣ, ಸೀನುವ ಮುಂಚೆ, ಫಟ್ ಅಂತ ಎತ್ತಿ ಹಿಡಿಯುವುದು.

ಇನ್ನು ಹೊಟ್ಟೆ. ಮಂಚದ ಮೇಲೆ ಅಂಗಾತ ಮಲಗಿದ್ದವರನ್ನು ಏಳಿ ಅಂದೆ. ಸೀದಾ ತಲೆ ಎತ್ತಿ ಎದ್ದರು, ಹೊಕ್ಕುಳಿನ ಮೇಲೆ ಕೆಳಗೆ ಉದ್ದಕ್ಕೆ ಕೋಡುಬಳೆಯಷ್ಟು ದಪ್ಪದ ಏಣು ಎದ್ದು ನಿಂತಿತು. ಹೊಟ್ಟೆಯ ಎರಡು ಸ್ನಾಯುಪಟ್ಟಿಗಳ ನಡುವಿನ ನಾರು ಬಸಿರಿನಲ್ಲಿ ಹಿಗ್ಗುವುದು ಸಹಜ, ಹೆದರಬೇಕಾಗಿಲ್ಲ. ಆದರೆ ಏಣು ಕಂಡರೆ ಆ ಕೆಲಸದ ಭಾರ ಈಗಿನ ಹೊಟ್ಟೆಗೆ ಜಾಸ್ತಿ ಅಂತ ಅರ್ಥ. ಫೋನ್ ನೋಡಿ ಮಾಡುತ್ತಿದ್ದ, ಮಲಗಿ ತಲೆ ಭುಜ ಎತ್ತುವ ಕ್ರಂಚಸ್ ಮತ್ತು ಎರಡೂ ಕಾಲು ಎತ್ತುವುದನ್ನು ಅವತ್ತೇ ನಿಲ್ಲಿಸಿದೆ. ಏಳುವಾಗ ಮೊದಲು ಮಗ್ಗುಲಾಗಿ, ಕೈ ಊರಿ, ಊದುತ್ತಾ ಏಳಬೇಕು. ಅಂಗಾತ ಬಹಳ ಹೊತ್ತು ಮಲಗಿ ವ್ಯಾಯಾಮ ಈಗ ಬೇಡ. ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ತಿರುಗಬಹುದು.

ಅದರ ಬದಲು ಅಂಬೆಗಾಲಿನಲ್ಲಿ ಮಾಡಿಸಿದೆ. ಮಣಿಕಟ್ಟು ಭುಜದ ಕೆಳಗೆ, ಮಂಡಿ ಸೊಂಟದ ಕೆಳಗೆ, ಮಂಡಿಗೆ ಮಡಚಿದ ಕೌದಿ. ಬೆನ್ನು ಜೋತು ಬೀಳಬಾರದು. ಉಸಿರು ಎಳೆಯುವಾಗ ಹೊಟ್ಟೆ ಇಳಿಯಲಿ, ಊದುವಾಗ ತಳದ ಸ್ನಾಯು ಎತ್ತಿ, ಕೂಸನ್ನು ಮೆಲ್ಲಗೆ ಅಪ್ಪಿ ಬೆನ್ನಿನ ಕಡೆ ಎಳೆದುಕೊಂಡ ಹಾಗೆ ಹೊಟ್ಟೆ ಒಳಗೆ ತರಬೇಕು. ಎಂಟು ಸಲ. ಇದು ಒಂದು ವಾರ ರೂಢಿಯಾದ ಮೇಲೆ, ಊದುತ್ತಾ ಒಂದು ಕಾಲನ್ನು ನೆಲದ ಮೇಲೇ ಹಿಂದಕ್ಕೆ ಜಾರಿಸುವುದು, ತರುವುದು, ಆಮೇಲೆ ಇನ್ನೊಂದು. ಸೊಂಟದ ಮೇಲೆ ಲೋಟ ಇಟ್ಟರೂ ಬೀಳಬಾರದು ಅನ್ನುವಷ್ಟು ನಿಧಾನ. ಮಾತಾಡಿಕೊಂಡು ಮಾಡುವಷ್ಟು ಆರಾಮ ಇದ್ದರೆ ಸರಿ ಇದೆ ಅಂತ ತಿಳಿಯಬೇಕು.

ರಕ್ತ, ನೀರು, ಬಿಟ್ಟುಬಿಟ್ಟು ಬರುವ ಹೊಟ್ಟೆನೋವು, ತಲೆಸುತ್ತು, ಎದೆನೋವು, ಮೀನಖಂಡದ ಊತ, ಇದರಲ್ಲಿ ಯಾವುದು ಬಂದರೂ ಅಲ್ಲೇ ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ ಅಂತ ಬರೆದೇ ಕೊಟ್ಟೆ.

ಹೋಗುವಾಗ ಬಾಗಿಲ ಹತ್ತಿರ ನಿಂತು ಮಲಬದ್ಧತೆಯ ಮಾತು ತೆಗೆದರು, ಕಬ್ಬಿಣದ ಮಾತ್ರೆ ಶುರುವಾದ ಮೇಲಿಂದ. ಮತ್ತೆ ಕೂರಿಸಿದೆ. ಬೆಳಿಗ್ಗೆ ಹತ್ತು ನಿಮಿಷ ಉಸಿರು ಕಟ್ಟಿ ಮುಕ್ಕಿದರೆ ದಿನವಿಡೀ ಎತ್ತಿದ್ದನ್ನೆಲ್ಲಾ ಕೆಳಕ್ಕೆ ತಳ್ಳಿದ ಹಾಗೆ. ಕಮೋಡ್ ಮುಂದೆ ಒಂದು ಗಿಡ್ಡ ಮಣೆ, ಅದರ ಮೇಲೆ ಪಾದ, ಮುಂದಕ್ಕೆ ಬಾಗಿ ಊದುತ್ತಾ ಬಿಡುವುದು. ನೀರು, ಸೊಪ್ಪು ಜಾಸ್ತಿ. ಮಾತ್ರೆ ಬದಲಿಸಬಹುದಾ ಅಂತ ಡಾಕ್ಟರನ್ನು ಕೇಳುವುದು.

24ನೇ ವಾರದಲ್ಲಿ ಬಂದಾಗ ಟವೆಲ್ ಮೇಲೆ ಸರಿಯಾಗಿ ಎತ್ತುತ್ತಿದ್ದರು, ಕೆಮ್ಮಿಗೆ ಸೋರುವುದು ಕಡಿಮೆಯಾಗಿತ್ತು, ಜೋರು ಸೀನಿಗೆ ಇನ್ನೂ ಇತ್ತು. ತಳದ ಸ್ನಾಯು ಗಟ್ಟಿಯಾಗಲು ಮೂರು ತಿಂಗಳಾದರೂ ಬೇಕು ಅಂತ ಮೊದಲೇ ಹೇಳಿದ್ದೆ, ಹಾಗಾಗಿ ಬೇಜಾರಿರಲಿಲ್ಲ. ಅಂಬೆಗಾಲಿನಲ್ಲಿ ಕಾಲು ನೆಲದಿಂದ ಎತ್ತಿ ನೋಡಿದೆವು. ಮೂರನೇ ಸಲಕ್ಕೆ ಏಣು ಕಂಡಿತು. ಕಾಲನ್ನು ಮತ್ತೆ ನೆಲಕ್ಕೆ ಇಳಿಸಿ, ಜಾರಿಸುವುದನ್ನೇ ಇನ್ನು ಎರಡು ವಾರ ಮಾಡಿ ಅಂದೆ.