ಒಂಬತ್ತು ಇಂಚಿನ ಗೋಡೆಗೆ 2,100 ಇಟ್ಟಿಗೆಯೋ, 1,400 ಇಟ್ಟಿಗೆಯೋ?

ಪ್ರಶ್ನೆ: 20 ಅಡಿ ಉದ್ದ, 10 ಅಡಿ ಎತ್ತರದ ಒಂಬತ್ತು ಇಂಚಿನ ಒಂದು ಗೋಡೆ ಕಟ್ಟಿಸಬೇಕಿದೆ. ಅದರಲ್ಲಿ 3x7 ಅಡಿಯ ಬಾಗಿಲು, 4x4 ಅಡಿಯ ಕಿಟಕಿ ಇವೆ. ಅರ್ಧ ಅಡಿ ಎತ್ತರದ ಲಿಂಟಲ್ ಗೋಡೆಯುದ್ದಕ್ಕೂ ಬರುತ್ತದೆ. ಮೇಸ್ತ್ರಿ 2,100 ಇಟ್ಟಿಗೆ, 7 ಚೀಲ ಸಿಮೆಂಟ್ ಬೇಕು ಎನ್ನುತ್ತಾರೆ. ಇಂಟರ್‌ನೆಟ್‌ನಲ್ಲಿ ಲೆಕ್ಕ ಹಾಕಿದರೆ ಇಟ್ಟಿಗೆ ಸುಮಾರು 1,600 ಬರುತ್ತದೆ. ಯಾವುದು ಸರಿ? ಮರಳು ಎಷ್ಟು ತರಿಸಲಿ?

ಉತ್ತರ:

ನೀವು ತರಿಸುವ ಇಟ್ಟಿಗೆಯ ಅಳತೆ ತಿಳಿಯದೆ ಎರಡನ್ನೂ ಸರಿಯೆನ್ನಲಾಗದು. ಕಟ್ಟಡದ ಕೆಲಸಗಳಲ್ಲಿ ಸಾಮಗ್ರಿಯ ಲೆಕ್ಕ ನೋಡಿಕೊಳ್ಳುವ ನನಗೆ ಇಂತಹ ವ್ಯತ್ಯಾಸ ಆಗಾಗ ಎದುರಾಗುತ್ತದೆ, ಮತ್ತು ಅದರ ಮೂಲ ಬಹುತೇಕ ಒಂದೇ ಕಡೆ ಇರುತ್ತದೆ. ಒಂದು ಘನ ಮೀಟರ್ ಗೋಡೆಗೆ 500 ಇಟ್ಟಿಗೆ, ಅಂದರೆ ಒಂದು ಘನ ಅಡಿಗೆ ಸುಮಾರು 14 ಎಂಬ ಸೂತ್ರವನ್ನು ಎಲ್ಲರೂ ಬಳಸುತ್ತಾರೆ. ಆದರೆ ಅದು 19 x 9 x 9 ಸೆಂಟಿಮೀಟರ್ ಅಳತೆಯ ಮಾಡ್ಯುಲರ್ ಇಟ್ಟಿಗೆಗೆ ಹೊಂದುವ ಸೂತ್ರ. ಆ ಇಟ್ಟಿಗೆಯಿಂದ ಕಟ್ಟಿದ ಗೋಡೆ ಏಳೂವರೆ ಇಂಚು ದಪ್ಪವಾಗುತ್ತದೆಯೇ ಹೊರತು ಒಂಬತ್ತು ಇಂಚಲ್ಲ. ನಿಮ್ಮ ಮೇಸ್ತ್ರಿಯವರ ಸಂಖ್ಯೆಯನ್ನು ಬಿಡಿಸಿ ನೋಡಿದರೆ, ಅವರು ಬಾಗಿಲು, ಕಿಟಕಿ, ಲಿಂಟಲ್ ಯಾವುದನ್ನೂ ಕಳೆಯದೆ 150 ಘನ ಅಡಿಯನ್ನು 14ರಿಂದ ಗುಣಿಸಿದಂತೆ ಕಾಣುತ್ತದೆ. ಇಂಟರ್‌ನೆಟ್‌ನ ಲೆಕ್ಕ ಕಳೆಯುವುದನ್ನು ಕಳೆದಿದೆ, ಆದರೆ ಇಟ್ಟಿಗೆಯನ್ನು ತಪ್ಪಾಗಿ ಊಹಿಸಿದೆ.

ಆದ್ದರಿಂದ ಮೊದಲು ಇಟ್ಟಿಗೆಯನ್ನು ಅಳೆಯಿರಿ. ಒಂದೇ ಇಟ್ಟಿಗೆಯ ಅಳತೆಯನ್ನು ನಂಬಬಾರದು. ಭಟ್ಟಿಯಲ್ಲಿ ಹೆಚ್ಚು ಬೆಂದದ್ದು ಕುಗ್ಗಿರುತ್ತದೆ, ಕಡಿಮೆ ಬೆಂದದ್ದು ದೊಡ್ಡದಾಗಿ ಉಳಿದಿರುತ್ತದೆ. ರಾಶಿಯ ಬೇರೆ ಬೇರೆ ಭಾಗಗಳಿಂದ 20 ಇಟ್ಟಿಗೆ ತೆಗೆದು, ಒಂದಕ್ಕೊಂದು ತಾಗಿಸಿ ಸಾಲಾಗಿ ಜೋಡಿಸಿ, ಒಟ್ಟು ಉದ್ದವನ್ನು 20ರಿಂದ ಭಾಗಿಸಿ. ಅಗಲಕ್ಕೂ ಎತ್ತರಕ್ಕೂ ಹಾಗೆಯೇ ಮಾಡಿ. ಸರಾಸರಿ 9 x 4¼ x 3 ಇಂಚು ಬಂತೆಂದು ಇಟ್ಟುಕೊಳ್ಳೋಣ. ಒಂಬತ್ತು ಇಂಚಿನ ಗೋಡೆಗೆ ಇದು ಅನುಕೂಲದ ಅಳತೆ: ಅಗಲದ ಕಡೆಯಿಂದ ಎರಡು ಇಟ್ಟಿಗೆಗಳನ್ನು ಪಕ್ಕಪಕ್ಕದಲ್ಲಿಟ್ಟು ನಡುವೆ ಅರ್ಧ ಇಂಚು ಗಾರೆ ತುಂಬಿದರೆ, ಅಡ್ಡ ಇಟ್ಟ ಒಂದು ಇಟ್ಟಿಗೆಯ ಉದ್ದಕ್ಕೆ ಸರಿಯಾಗುತ್ತದೆ.

ಈಗ ಗೋಡೆಯ ಮುಖವನ್ನು ನೋಡಿ. ಒಟ್ಟು 200 ಚದರ ಅಡಿಯಲ್ಲಿ ಬಾಗಿಲಿಗೆ 21, ಕಿಟಕಿಗೆ 16, ಲಿಂಟಲ್‌ಗೆ 10 ಚದರ ಅಡಿ ಕಳೆದರೆ 153 ಉಳಿಯುತ್ತದೆ. ಗೋಡೆಗೆ ಅಡ್ಡವಾಗಿ ಇಟ್ಟ ಇಟ್ಟಿಗೆ ಮುಖದ ಮೇಲೆ, ಅರ್ಧ ಇಂಚಿನ ಸಂದನ್ನೂ ಸೇರಿಸಿ, 4¾ x 3½ ಇಂಚಿನಷ್ಟು ಜಾಗ ಹಿಡಿಯುತ್ತದೆ. ಆ ಲೆಕ್ಕದಲ್ಲಿ ಒಂದು ಚದರ ಅಡಿಗೆ 8.66 ಇಟ್ಟಿಗೆ ಬೇಕು. ಉದ್ದಕ್ಕೆ ಇಟ್ಟಾಗ ಮುಖದ ಮೇಲೆ ಒಂದು ಕಂಡರೂ ಹಿಂದೆ ಇನ್ನೊಂದು ಇರುವುದರಿಂದ ಆಗಲೂ ಉತ್ತರ ಅದೇ. 153 ಚದರ ಅಡಿಗೆ 1,325 ಇಟ್ಟಿಗೆ. ಒಡೆಯುವುದಕ್ಕೂ ತುಂಡು ಮಾಡುವುದಕ್ಕೂ ನೂರಕ್ಕೆ ಐದರಂತೆ ಸೇರಿಸಿದರೆ ಸುಮಾರು 1,400. ಇಟ್ಟಿಗೆ 8½ x 4 x 2¾ ಇಂಚು ಬಂದಿದ್ದರೆ, ನಷ್ಟ ಸೇರಿಸುವ ಮೊದಲೇ ಇದೇ ಗೋಡೆಗೆ 1,500 ಬೇಕಾಗುತ್ತಿತ್ತು. ಕಾಲು ಇಂಚಿನ ಆಟ ಅಷ್ಟು ದೊಡ್ಡದು, ಹೀಗಾಗಿ ಸಾವಿರಕ್ಕೆ ದರ ಕಡಿಮೆ ಇರುವ ಇಟ್ಟಿಗೆ ಯಾವಾಗಲೂ ಅಗ್ಗವಲ್ಲ.

ಗಾರೆಯ ಪ್ರಮಾಣಕ್ಕೆ ಊಹೆ ಬೇಡ, ಕಳೆದರೆ ಸಾಕು. ಗೋಡೆಯ ಗಾತ್ರ 153 x 0.75, ಅಂದರೆ 114.75 ಘನ ಅಡಿ. ಅದರೊಳಗಿನ 1,325 ಇಟ್ಟಿಗೆಗಳ ಗಾತ್ರ 88 ಘನ ಅಡಿ. ಉಳಿದ ಸುಮಾರು 27 ಘನ ಅಡಿಯೇ ಗಾರೆ. ಇಟ್ಟಿಗೆಯ ಮೇಲಿನ ಕುಳಿಯೂ ಗಾರೆ ನುಂಗುತ್ತದೆ, ಕೆಳಗೆ ಬಿದ್ದದ್ದು ವ್ಯರ್ಥವಾಗುತ್ತದೆ. ಈ ಎರಡಕ್ಕೂ ನಾನು ನೂರಕ್ಕೆ 15 ಸೇರಿಸುತ್ತೇನೆ, ಆಗ 31 ಆಯಿತು. ಸಿಮೆಂಟ್ ಮತ್ತು ಮರಳಿಗೆ ನೀರು ಬಿದ್ದಾಗ ಒಳಗಿನ ಗಾಳಿ ಹೊರಟು ರಾಶಿ ಕುಗ್ಗುವುದರಿಂದ, ಒಣ ಸಾಮಗ್ರಿಯನ್ನು ಮೂರನೇ ಒಂದು ಭಾಗ ಹೆಚ್ಚು ಹಿಡಿಯಬೇಕು: 31 x 1.33, ಸುಮಾರು 41 ಘನ ಅಡಿ. ಒಂಬತ್ತು ಇಂಚಿನ ಗೋಡೆಗೆ ಸಾಮಾನ್ಯವಾಗಿ ಬಳಸುವ 1:6 ಮಿಶ್ರಣದಲ್ಲಿ ಇದರ ಏಳನೇ ಒಂದು ಭಾಗ ಸಿಮೆಂಟ್, ಅಂದರೆ 5.86 ಘನ ಅಡಿ. 50 ಕಿಲೋ ಚೀಲವೊಂದರಲ್ಲಿ 1.226 ಘನ ಅಡಿ ಸಿಮೆಂಟ್ ಇರುವುದರಿಂದ 4.8 ಚೀಲ, ಅಂದರೆ 5 ಚೀಲ ಬೇಕು. ಮರಳು 35 ಘನ ಅಡಿ.

ಆದರೆ 35 ಘನ ಅಡಿ ಎಂಬುದು ಒಣ ಮರಳಿನ ಲೆಕ್ಕ. ಲಾರಿಯಲ್ಲಿ ಬರುವುದು ಹೆಚ್ಚಾಗಿ ಒದ್ದೆ ಮರಳು, ಎಂ ಸ್ಯಾಂಡ್ ಆದರೂ ಅಷ್ಟೆ. ಕಣಗಳ ಸುತ್ತ ನೀರಿನ ತೆಳು ಪದರ ಕೂತು ಅವನ್ನು ದೂರ ತಳ್ಳುವುದರಿಂದ ರಾಶಿ ಉಬ್ಬಿರುತ್ತದೆ. ಎಷ್ಟು ಉಬ್ಬಿದೆ ಎಂದು ಗಾಜಿನ ಲೋಟದಲ್ಲೇ ತಿಳಿಯಬಹುದು. ಒದ್ದೆ ಮರಳನ್ನು ಒತ್ತದೆ 15 ಸೆಂಟಿಮೀಟರ್ ಎತ್ತರಕ್ಕೆ ತುಂಬಿ ಅಳತೆ ಗುರುತಿಸಿ, ಹೊರಗೆ ತೆಗೆದು, ಲೋಟಕ್ಕೆ ಅರ್ಧ ನೀರು ಹಾಕಿ, ಅದೇ ಮರಳನ್ನು ಮತ್ತೆ ಸುರಿದು ಕಲಕಿ ತಂಗಲು ಬಿಡಿ. ಅದು 12 ಸೆಂಟಿಮೀಟರಿಗೆ ಇಳಿದರೆ ನೂರಕ್ಕೆ 25ರಷ್ಟು ಉಬ್ಬಿತ್ತು ಎಂದರ್ಥ, ಮತ್ತು ನೀವು 44 ಘನ ಅಡಿ ತರಿಸಬೇಕು. ಮಿಶ್ರಣ ಮಾಡುವಾಗಲೂ ಇದನ್ನು ಮರೆಯಬಾರದು. ಉಬ್ಬಿದ ಮರಳನ್ನೇ ಆರು ಪೆಟ್ಟಿಗೆ ಅಳೆದು ಹಾಕಿದರೆ ನಿಜವಾಗಿ ಬಿದ್ದದ್ದು ಐದೇ ಪೆಟ್ಟಿಗೆಯಷ್ಟು, ಆಗ ಸಿಮೆಂಟ್ ಲೆಕ್ಕಕ್ಕಿಂತ ಬೇಗ ಮುಗಿಯುತ್ತದೆ. ಬಾಂಡ್ಲಿಯ ಲೆಕ್ಕ ನನಗೆ ಹಿಡಿಸದು, ಏಕೆಂದರೆ ಒಬ್ಬರು ರಾಶಿ ಮಾಡಿ ತುಂಬುತ್ತಾರೆ, ಇನ್ನೊಬ್ಬರು ಮಟ್ಟಸ ತುಂಬುತ್ತಾರೆ. 35 ಲೀಟರಿನ ಅಳತೆ ಪೆಟ್ಟಿಗೆಯೊಂದಿದ್ದರೆ ಅದು ಒಂದು ಚೀಲ ಸಿಮೆಂಟಿಗೆ ಸಮ.

ಮೇಸ್ತ್ರಿಯವರು ಹೇಳಿದ 7 ಚೀಲ ಸುಮ್ಮನೆ ಬಂದ ಸಂಖ್ಯೆಯಲ್ಲ. ಸಂದು ಅರ್ಧ ಇಂಚಿನ ಬದಲು ಮುಕ್ಕಾಲು ಇಂಚು ಆದರೆ ಗೋಡೆ ಒಂಬತ್ತೂಕಾಲು ಇಂಚಾಗುತ್ತದೆ, ಇಟ್ಟಿಗೆ 1,175ಕ್ಕೆ ಇಳಿಯುತ್ತದೆ, ಗಾರೆ 27ರಿಂದ 40 ಘನ ಅಡಿಗೆ ಏರುತ್ತದೆ, ಸಿಮೆಂಟ್ 7 ಚೀಲವೇ ಬೇಕಾಗುತ್ತದೆ. ಸೊಟ್ಟ ಇಟ್ಟಿಗೆ ಬಂದಾಗ ಮಟ್ಟ ಹಿಡಿಯಲು ಕೆಲಸದವರು ಗಾರೆಯನ್ನು ದಪ್ಪ ಹಾಕಲೇಬೇಕಾಗುತ್ತದೆ, ಇಟ್ಟಿಗೆ ನೇರವಿದ್ದಾಗಲೂ ಅಭ್ಯಾಸಬಲದಿಂದ ಹಾಕುವವರಿದ್ದಾರೆ. ನಿಮ್ಮ ಗೋಡೆಯಲ್ಲಿ ಏನಾಗುತ್ತಿದೆ ಎಂದು ತಿಳಿಯಲು ಹತ್ತು ವರಸೆ ಎದ್ದ ಮೇಲೆ ಟೇಪ್ ಹಿಡಿಯಿರಿ. 3 ಇಂಚಿನ ಇಟ್ಟಿಗೆಗೆ ಹತ್ತು ವರಸೆ 35 ಇಂಚು ಬರಬೇಕು. 37½ ಬಂದರೆ ಸಂದು ಮುಕ್ಕಾಲು ಇಂಚಾಗಿದೆ.

ಈ ಲೆಕ್ಕದಲ್ಲಿ ಪ್ಲಾಸ್ಟರಿಂಗ್ ಆಗಲಿ ಲಿಂಟಲ್ಲಿನ ಕಾಂಕ್ರೀಟ್ ಆಗಲಿ ಸೇರಿಲ್ಲ. ಈ ಗೋಡೆ ಮೂಲೆಯಲ್ಲಿ ಇನ್ನೊಂದು ಗೋಡೆಯನ್ನು ಕೂಡುವುದಾದರೆ, ಒಂದನ್ನು ಹೊರ ಅಳತೆಯಿಂದಲೂ ಇನ್ನೊಂದನ್ನು ಒಳ ಅಳತೆಯಿಂದಲೂ ಹಿಡಿಯಿರಿ, ಇಲ್ಲವಾದರೆ ಮೂಲೆ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಇಟ್ಟಿಗೆ 1,400, ಮರಳು 44 ಘನ ಅಡಿ ಒಟ್ಟಿಗೇ ತರಿಸಿಕೊಳ್ಳಿ. ಸಿಮೆಂಟನ್ನು ಮಾತ್ರ ಮೊದಲು 3 ಚೀಲ ತಂದು, ಹತ್ತನೆಯ ವರಸೆಯ ಅಳತೆ ನೋಡಿದ ಮೇಲೆ ಉಳಿದದ್ದು ಎರಡೋ ನಾಲ್ಕೋ ಎಂದು ನಿರ್ಧರಿಸಿ.