ಒಂದು ಮೆಣಸಿನಕಾಯಿಯ ಅಂತರ

ಪ್ರಶ್ನೆ: ರಾಶಿಯಿಂದ ಒಂದೊಂದೇ ತೆಗೆಯುತ್ತ ಹೋದರೆ ಯಾವ ಹಂತದಲ್ಲಿ ಅದು ರಾಶಿಯಲ್ಲ? ತರ್ಕಶಾಸ್ತ್ರದಲ್ಲಿ ಇದಕ್ಕೆ ಉತ್ತರವಿದೆಯೇ?

ಉತ್ತರಗಳಿವೆ, ಒಮ್ಮತವಿಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ 10,000 ಮೆಣಸಿನಕಾಯಿ ಸುರಿದಿದ್ದಾರೆ ಎನ್ನಿ. ಅದು ರಾಶಿ. ಒಂದು ಕಾಯಿ ತೆಗೆದ ಮಾತ್ರಕ್ಕೆ ರಾಶಿ ಕರಗುವುದಿಲ್ಲ. ಈ ಎರಡನ್ನೂ ಒಪ್ಪಿ 9,999 ಬಾರಿ ಅದೇ ಹೆಜ್ಜೆ ಇಟ್ಟರೆ, ಉಳಿದ ಒಂಟಿ ಕಾಯಿಯನ್ನೂ ರಾಶಿ ಎನ್ನಬೇಕಾಗುತ್ತದೆ. ಯೂಬುಲಿಡೀಸ್‌ನ ಹೆಸರಿಗೆ ಅಂಟಿದ ಹಳೆಯ ಗ್ರೀಕ್ ಒಗಟು ಇದು.

ಒಂದು ಕಾಯಿ ತೆಗೆದರೆ ರಾಶಿ ಕರಗದು ಎಂಬ ಎರಡನೆಯ ಮಾತು ಸುಳ್ಳೆಂದರೆ, ಒಂದೇ ಕಾಯಿಯ ಅಂತರದಲ್ಲಿ ಎಲ್ಲೋ ರಾಶಿ ಮುಗಿಯಲೇಬೇಕು. ತತ್ತ್ವಜ್ಞಾನಿ ಟಿಮೊಥಿ ವಿಲಿಯಮ್ಸನ್ ಪ್ರಕಾರ ಅಂಥ ಗಡಿ ನಿಜವಾಗಿಯೂ ಇದೆ, ನಮಗೆ ಅದು ಗೊತ್ತಾಗಲಾರದು ಅಷ್ಟೇ. ಈ ಮಾತು ನನಗೆ ಗಂಟಲಲ್ಲಿ ಇಳಿಯುವುದಿಲ್ಲ.

ಸತ್ಯಕ್ಕೇ ಸೊನ್ನೆಯಿಂದ ಒಂದರವರೆಗೆ ಅಳತೆ ಕೊಡುವವರೂ ಇದ್ದಾರೆ. ಆದರೆ ‘ಇದು ರಾಶಿ’ ಎಂಬುದು 0.5 ನಿಜವಾದರೆ ‘ಇದು ರಾಶಿಯಲ್ಲ’ ಎಂಬುದೂ 0.5. ಎರಡನ್ನು ‘ಮತ್ತು’ ಹಾಕಿ ಜೋಡಿಸಿದಾಗ ಕಡಿಮೆಯ ಅಂಕ ತೆಗೆದುಕೊಳ್ಳುವುದು ರೂಢಿಯ ನಿಯಮ. ಹಾಗಾಗಿ ‘ಇದು ರಾಶಿ ಮತ್ತು ರಾಶಿಯಲ್ಲ’ ಎಂಬ ಅಪ್ಪಟ ವಿರೋಧವೂ ಅರ್ಧ ನಿಜವಾಗುತ್ತದೆ! ಚೀಲ ಹೊರುವ ಹಮಾಲರೂ ಇದನ್ನು ಒಪ್ಪಲಾರರು.

ಇನ್ನೊಬ್ಬ ತತ್ತ್ವಜ್ಞಾನಿ ಕಿಟ್ ಫೈನ್ 1975ರಲ್ಲಿ ಬೇರೆ ದಾರಿ ಹಿಡಿದರು. ಗಡಿಯನ್ನು 200ಕ್ಕೆ ಎಳೆಯಿರಿ, 300ಕ್ಕೆ ಎಳೆಯಿರಿ, ಪದದ ಬಳಕೆ ಒಪ್ಪುವ ಎಲ್ಲಿಗಾದರೂ ಎಳೆಯಿರಿ. ಹೇಗೆ ಎಳೆದರೂ ನಿಜವಾಗುವುದು ಮಾತ್ರ ನಿಜ. ಆಗ ಆ ವಿರೋಧ ಎಲ್ಲ ಕಡೆಯೂ ಸುಳ್ಳು. ‘ಎಲ್ಲೋ ಗಡಿಯಿದೆ’ ಎಂಬುದು ಎಲ್ಲ ಕಡೆಯೂ ನಿಜ, ‘ಗಡಿ 300ರಲ್ಲಿದೆ’ ಎಂಬುದು ಹಾಗಲ್ಲ. ಗಡಿಯಿದೆ, ಆದರೆ ಯಾವ ಸಂಖ್ಯೆಯಲ್ಲೂ ಇದೆ ಎನ್ನುವಂತಿಲ್ಲ: ಈ ದಾರಿ ತೆರಬೇಕಾದ ಬೆಲೆ ಅದು.